ಸಡಗರ ಬೇಡವೆನ್ನುವ ಯಜಮಾನರ ಹುಟ್ಟುಹಬ್ಬ

"ಈ ಸಲ ನಿಮ್ಮ ಹುಟ್ಟುಹಬ್ಬಕ್ಕೆ ಏನು ಮಾಡೋಣಾರೀ?"

"ಏನೂ ಬೇಡ. ಸುಮ್ಮನಿದ್ದುಬಿಡು."

ಈ ಮಾತು ನಿಮ್ಮ ಮನೆಯಲ್ಲೂ ನಡೆಯುವುದುಂಟೆ? ಹಾಗಾದರೆ ಈ ಬರಹ ನಿಮಗಾಗಿಯೇ. "ಏನೂ ಬೇಡ" ಎಂಬ ಮಾತನ್ನು ನಾವು ಹೆಂಗಸರು ಎರಡು ರೀತಿಯಲ್ಲಿ ತಪ್ಪು ತಿಳಿಯುತ್ತೇವೆ. ಒಂದು, "ಬಾಯಲ್ಲಿ ಬೇಡ ಅಂತಾರೆ, ಮನಸ್ಸಲ್ಲಿ ಆಸೆ ಇದ್ದೇ ಇರುತ್ತೆ" ಎಂದುಕೊಂಡು ಗುಟ್ಟಾಗಿ ಊರನ್ನೆಲ್ಲ ಕರೆಯುತ್ತೇವೆ. ಇನ್ನೊಂದು, ಮುನಿಸಿಕೊಂಡು ನಿಜವಾಗಿಯೂ ಏನೂ ಮಾಡದೆ ಬಿಡುತ್ತೇವೆ. ನಾನು ಎರಡನ್ನೂ ಮಾಡಿ ನೋಡಿದವಳು.

ನಮ್ಮ ಯಜಮಾನರಿಗೆ ಐವತ್ತು ತುಂಬಿದಾಗ ಮೈದುನನ ಮಕ್ಕಳ ಜೊತೆ ಸೇರಿ ಮಹಡಿಯ ಮೇಲೆ ನಲವತ್ತು ಜನರನ್ನು ಸೇರಿಸಿದ್ದೆ. ಸಂಜೆ ಇವರು ಕಚೇರಿಯಿಂದ ಬರುವ ಹೊತ್ತಿಗೆ ಮನೆಯ ದೀಪಗಳನ್ನೆಲ್ಲ ಆರಿಸಿ, ಬಾಗಿಲು ತೆಗೆದೊಡನೆ ಎಲ್ಲರೂ ಕೂಗಬೇಕೆಂದು ಏರ್ಪಾಡು. ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಇವರು ನಕ್ಕರು, ಕೇಕ್ ಕತ್ತರಿಸಿದರು, ಫೋಟೋಕ್ಕೆ ನಿಂತರು. ಆಮೇಲೆ ಅರ್ಧ ಗಂಟೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬರೇ ಕುಳಿತಿದ್ದರು. ಎರಡು ದಿನ ಸರಿಯಾಗಿ ಮಾತಿಲ್ಲ. "ಇಷ್ಟು ಕಷ್ಟಪಟ್ಟು ಮಾಡಿದರೂ ಒಂದು ಒಳ್ಳೆಯ ಮಾತಿಲ್ಲವಲ್ಲ" ಎಂದು ನನಗೂ ಕೋಪ. ಮುಂದಿನ ಹಲವು ವರ್ಷ ಪಾಯಸ ಬಿಟ್ಟು ಬೇರೇನೂ ಮಾಡಲಿಲ್ಲ.

ಕಳೆದ ವರ್ಷ, ಅಂದರೆ 2025ರ ನವೆಂಬರ್‌ನಲ್ಲಿ ಅವರಿಗೆ ಅರವತ್ತು ತುಂಬಿತು. ಅರವತ್ತನ್ನು ಪಾಯಸದಲ್ಲಿ ಮುಗಿಸಲು ನೆಂಟರು ಬಿಡುತ್ತಾರೆಯೆ? ಜುಲೈ ತಿಂಗಳಿಂದಲೇ "ಛತ್ರ ಯಾವುದು ಹಿಡಿದಿದ್ದೀರಿ?" ಎಂಬ ಫೋನು ಶುರು. ಆಗ ಮೊದಲ ಬಾರಿಗೆ ನಾನು ಕುಳಿತು ಸರಿಯಾಗಿ ಯೋಚನೆ ಮಾಡಿದೆ. ಹೇಗೆ ಮಾಡಿದೆ ಎನ್ನುವುದನ್ನು ಇಲ್ಲಿ ಹೇಳುತ್ತೇನೆ.

ಕೇಳುವ ಬಗೆ

"ಏನು ಮಾಡೋಣ?" ಎಂದು ಕೇಳಿದರೆ "ಏನೂ ಬೇಡ" ಎಂಬ ಉತ್ತರವೇ ಬರುತ್ತದೆ. ಯಾಕೆಂದರೆ ಆ ಪ್ರಶ್ನೆ ಬಹಳ ದೊಡ್ಡದು. ಗಲಾಟೆ ಬೇಡದವರ ಕಣ್ಣ ಮುಂದೆ ಆ ಕ್ಷಣ ಬಂದು ನಿಲ್ಲುವುದು ಛತ್ರ, ಪೇಟ, ಹಾರ, ಮೈಕು. ಅದಕ್ಕೆ ಅವರು ಬೇಡ ಎನ್ನುತ್ತಾರೆ. ಹಾಗಾಗಿ ದೊಡ್ಡ ಪ್ರಶ್ನೆಯನ್ನು ಬಿಟ್ಟು ಸಣ್ಣ ಸಣ್ಣದಾಗಿ ಕೇಳಬೇಕು. ಎದುರು ಕುಳಿತು ಕೇಳುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತ ಕೇಳುವುದು ಸುಲಭ. ನಮ್ಮದು ಸರಸ್ವತಿಪುರಂ. ಬೆಳಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಲು ಹೋಗುತ್ತೇವೆ. ಸೆಪ್ಟೆಂಬರ್‌ನಲ್ಲಿ, ಎರಡು ತಿಂಗಳು ಮುಂಚಿತವಾಗಿಯೇ, ಅಲ್ಲಿ ದಿನಕ್ಕೊಂದು ಪ್ರಶ್ನೆ ಕೇಳಿದೆ.

"ಅಕ್ಕ ಭಾವ ಬಂದ್ರೆ ಬೇಜಾರಾಗುತ್ತಾ?" "ಇಲ್ಲಪ್ಪ, ಅವರು ಬರಲಿ."

"ಎಲ್ಲರ ಮುಂದೆ ಆರತಿ ಎತ್ತಿದ್ರೆ?" "ಮನೆಯವರ ಮುಂದೆ ಆದ್ರೆ ಪರವಾಗಿಲ್ಲ."

"ಕೇಕು?" "ಅದೊಂದು ಬೇಡ."

ನಾಲ್ಕನೆಯ ದಿನ ನಾನು ಕೇಳದೆಯೇ ಅವರು ಆ ಐವತ್ತರ ದಿನದ ವಿಷಯ ಎತ್ತಿದರು. "ಅವತ್ತು ನಂಗೆ ನಿನ್ನ ಮೇಲೆ ಕೋಪ ಇರಲಿಲ್ಲ ಕಣೆ. ಗೇಟಿನ ಹತ್ತಿರ ಬಂದಾಗ ಮನೇಲಿ ದೀಪ ಇಲ್ಲ, ಬಾಗಿಲ ಮುಂದೆ ಚಪ್ಪಲಿ ರಾಶಿ. ಅಪ್ಪ ಹೋದ ದಿನಾನೂ ಹಾಗೇ ಇತ್ತು. ನಿಂಗೋ ಮಕ್ಕಳಿಗೋ ಏನೋ ಆಗಿದೆ ಅಂದ್ಕೊಂಡೆ. ಆಮೇಲೆ ನಗೋದಕ್ಕೆ ಆಗಲಿಲ್ಲ."

ಹತ್ತು ವರ್ಷ ನಾನು ಅದನ್ನು ಕೃತಘ್ನತೆ ಎಂದುಕೊಂಡಿದ್ದೆ, ನೋಡಿ! ಸರ್‌ಪ್ರೈಸ್ ಬೇಡ ಎನ್ನುವವರಿಗೆಲ್ಲ ಇಂಥ ಕಾರಣವೇ ಇರಬೇಕೆಂದಿಲ್ಲ. ಕೆಲವರ ಸ್ವಭಾವವೇ ಹಾಗೆ. ಮುಂದೆ ಏನು ನಡೆಯುತ್ತದೆಂದು ಗೊತ್ತಿದ್ದರೆ ಮಾತ್ರ ಅವರ ಮನಸ್ಸು ಅರಳುತ್ತದೆ. ಕಾರಣ ಏನೇ ಇರಲಿ, ಕೇಳಿದ ಮೇಲೆಯೇ ತಿಳಿಯುವುದು. ಮೊದಲು ಸಭೆ ಸಮಾರಂಭ ಎಂದರೆ ಮುಂದೆ ನಿಲ್ಲುತ್ತಿದ್ದವರು ಈಚೆಗೆ ತಪ್ಪಿಸಿಕೊಳ್ಳತೊಡಗಿದ್ದರೆ ಮಾತ್ರ ಸ್ವಲ್ಪ ಗಮನಿಸಿ. ವಯಸ್ಸಾದಂತೆ ಕಿವಿ ಮಂದವಾದರೆ, ಒಬ್ಬರು ಮಾತಾಡಿದಾಗ ಚೆನ್ನಾಗಿಯೇ ಕೇಳಿಸುತ್ತದೆ, ಗದ್ದಲದಲ್ಲಿ ಮಾತ್ರ ಮಾತು ಹಿಡಿಯಲಾಗುವುದಿಲ್ಲ. ಹೇಳಿಕೊಳ್ಳಲು ಸಂಕೋಚಪಟ್ಟು ಅವರು ದೂರ ಉಳಿಯುತ್ತಾರೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ. ನಿಮ್ಮೂರಿನಲ್ಲಾದರೆ ಕಿವಿಯ ವೈದ್ಯರಿಗೆ ತೋರಿಸಬಹುದು.

ಒಂದು ಜಾತ್ರೆಯ ಬದಲು ಎರಡು ಸಣ್ಣ ದಿನ

ಅರವತ್ತು ತುಂಬುವುದಕ್ಕೆ ನಮ್ಮಲ್ಲಿ ವಿಶೇಷವೇಕೆಂದು ನಿಮಗೆ ಗೊತ್ತೇ ಇದೆ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರವೇ ಮತ್ತೆ ಬರುತ್ತದೆ. ಇವರು ಹುಟ್ಟಿದ್ದು 1965ರ ನವೆಂಬರ್, ವಿಶ್ವಾವಸು ಸಂವತ್ಸರ. 2025ರ ಯುಗಾದಿಗೆ ಮತ್ತೆ ವಿಶ್ವಾವಸು ಬಂತು. ಅರವತ್ತರ ಶಾಂತಿಯನ್ನು ಹುಟ್ಟಿದ ಮಾಸದಲ್ಲಿ ಜನ್ಮನಕ್ಷತ್ರ ಬಿದ್ದ ದಿನ ಮಾಡುವುದು ರೂಢಿ. ಆ ದಿನ ಮತ್ತು ಇಂಗ್ಲಿಷ್ ತಾರೀಖು ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಪಂಚಾಂಗ ತೆಗೆದು ನೋಡಿದಾಗ ನಕ್ಷತ್ರ ಬಂದದ್ದು ನವೆಂಬರ್ 9ರ ಭಾನುವಾರ, ತಾರೀಖು ಬಂದದ್ದು 12ರ ಬುಧವಾರ.

ನನಗೆ ದಾರಿ ಹೊಳೆದದ್ದೇ ಇಲ್ಲಿ. ಎರಡು ದಿನವಿದ್ದರೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಕಾಗಿಲ್ಲವಲ್ಲ! ಭಾನುವಾರ ಮನೆಯಲ್ಲಿ ಶಾಂತಿ, ಹತ್ತಿರದವರು ಮಾತ್ರ. ಬುಧವಾರ ನಾವಿಬ್ಬರೇ. ಇದಲ್ಲದೆ ಇನ್ನೊಂದು ಲೆಕ್ಕವೂ ಇತ್ತು. ರಾಜ್ಯ ಸರ್ಕಾರಿ ನೌಕರರಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನವೇ ನಿವೃತ್ತಿ. ಅಂದರೆ ಅದೇ ತಿಂಗಳ ಕೊನೆಗೆ ಕಚೇರಿಯ ಬೀಳ್ಕೊಡುಗೆ, ಶಾಲು, ಹಾರ, ಭಾಷಣ ತಪ್ಪಿದ್ದಲ್ಲ. ಜನರ ನಡುವೆ ಕೂರುವುದು ಕಷ್ಟವೆನ್ನುವವರಿಗೆ ಒಂದು ತಿಂಗಳಲ್ಲಿ ಅಂಥ ಒಂದು ಸಮಾರಂಭವೇ ಸಾಕು. ನಿಮ್ಮ ಮನೆಯಲ್ಲೂ ದಿನ ಗೊತ್ತುಮಾಡುವ ಮೊದಲು ಆ ತಿಂಗಳು ಮದುವೆ, ಗೃಹಪ್ರವೇಶ ಎಂದು ಅವರು ಎಷ್ಟು ಕಡೆ ಹೋಗಲೇಬೇಕಾಗಿದೆ ಎಂದು ಎಣಿಸಿ ನೋಡಿ.

ಶಾಂತಿಯ ವಿಷಯಕ್ಕೆ ಬಂದರೆ, ಅರವತ್ತು ಕಲಶ ಇಟ್ಟು, ನೆಂಟರೆಲ್ಲ ಸಾಲಾಗಿ ಬಂದು ದಂಪತಿಗಳಿಗೆ ನೀರು ಹಾಕಿ, ಮತ್ತೆ ಮಾಂಗಲ್ಯಧಾರಣೆ ಮಾಡಿಸುವುದು ವಿಸ್ತಾರದ ಕ್ರಮ. ಇವರಿಗೆ ಹೆದರಿಕೆಯಿದ್ದದ್ದು ಅದಕ್ಕೇ. ಒದ್ದೆ ಬಟ್ಟೆಯಲ್ಲಿ ನೂರು ಜನರ ಮುಂದೆ ಕುಳಿತುಕೊಳ್ಳಬೇಕಲ್ಲ ಎಂದು. ಪುರೋಹಿತರಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಬೇಸರಿಸಲಿಲ್ಲ. "ಗಣಪತಿ ಪೂಜೆ, ಪುಣ್ಯಾಹ, ನವಗ್ರಹ, ಆಯುಷ್ಯ ಹೋಮ ಮಾಡೋಣ. ಕಲಶದ ನೀರು ಮಕ್ಕಳು, ಅಕ್ಕ ಭಾವ ಹಾಕಿದರೆ ಸಾಕಮ್ಮ. ಇಬ್ಬರು ಬರ್ತೀವಿ, ಮೂರು ಗಂಟೆಯಲ್ಲಿ ಮುಗಿಯುತ್ತೆ" ಎಂದರು. ಮನೆತನದ ಸಂಪ್ರದಾಯಕ್ಕೆ ತಕ್ಕಂತೆ ಇದು ಬೇರೆ ಬೇರೆ ಇರುತ್ತದೆ. ನಿಮ್ಮ ಪುರೋಹಿತರನ್ನೇ ಕೇಳಿ. ಆದರೆ ಯಜಮಾನರನ್ನು ಜೊತೆಗೆ ಕೂರಿಸಿಕೊಂಡೇ ಕೇಳಿ.

ಎಷ್ಟು ಜನ, ಎಷ್ಟು ಹೊತ್ತು

ಇವರು ಒಪ್ಪಿದ್ದು ಎಂಟು ಜನಕ್ಕೆ. ಹಾಸನದ ಅಕ್ಕ ಭಾವ, ಮೈದುನ ಮತ್ತು ವಾರಗಿತ್ತಿ, ನಮ್ಮ ಮಗ ಸೊಸೆ, ಮಗಳು ಅಳಿಯ. ಎಂಟು ಎನ್ನುವುದು ಸುಮ್ಮನೆ ಬಂದ ಸಂಖ್ಯೆಯಲ್ಲ. ಏಳೆಂಟು ಜನರಿದ್ದರೆ ಎಲ್ಲರೂ ಕೂಡಿ ಒಂದೇ ಮಾತುಕತೆ ನಡೆಸಬಹುದು. ಹದಿನೈದಾದರೆ ಮೂರು ಗುಂಪಾಗುತ್ತದೆ. ಒಂದು ಗುಂಪಿನ ದನಿ ಏರಿದಂತೆ ಇನ್ನೊಂದೂ ದನಿ ಏರಿಸುತ್ತದೆ. ನಡುವೆ ಕುಳಿತ ಮೌನಿಗಳಿಗೆ ತಲೆನೋವು.

ಜನರ ಲೆಕ್ಕದಷ್ಟೇ ಮುಖ್ಯವಾದದ್ದು ಹೊತ್ತಿನ ಲೆಕ್ಕ. ಒಂದು ಹಾಳೆಯ ಮೇಲೆ ಬರೆದು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಎಂಟು ಗಂಟೆಗೆ ಪೂಜೆ ಆರಂಭ, ಹನ್ನೊಂದಕ್ಕೆ ಪೂರ್ಣಾಹುತಿ, ಹನ್ನೆರಡೂವರೆಗೆ ಊಟ, ಎರಡರಿಂದ ನಾಲ್ಕು ಅವರು ಮಲಗುವ ಹೊತ್ತು, ಐದಕ್ಕೆ ಕಾಫಿ, ಆರಕ್ಕೆ ಎಲ್ಲರೂ ಹೊರಡುವುದು. ಇವರು ಆ ಹಾಳೆಯನ್ನು ದಿನಕ್ಕೆರಡು ಸಲ ನೋಡುತ್ತಿದ್ದರು. ಮುಗಿಯುವ ಹೊತ್ತು ಗೊತ್ತಿದ್ದರೆ ಗದ್ದಲವನ್ನೂ ಸಹಿಸಬಹುದು ಎಂದು ಅವರೇ ಹೇಳಿದರು.

ನೆಂಟರಿಗೆ ಹೇಳುವ ಮಾತು

ನಿಜವಾದ ಕಷ್ಟ ಇದೇ. ನಮ್ಮ ಅತ್ತಿಗೆ, ಅಂದರೆ ಇವರ ಅಕ್ಕ, ಫೋನಿನಲ್ಲೇ ಅತ್ತುಬಿಟ್ಟರು. "ಇರೋ ಒಬ್ಬ ದೊಡ್ಡ ತಮ್ಮನ ಅರವತ್ತನ್ನ ಹೀಗೆ ಕಳ್ಳತನದಲ್ಲಿ ಮಾಡ್ತೀಯಾ? ಜನ ಏನಂತಾರೆ?" ಎಂದರು. ಇಂಥ ಸಮಯದಲ್ಲಿ "ಅವರಿಗೆ ಇಷ್ಟವಿಲ್ಲ" ಎಂದು ಯಜಮಾನರನ್ನು ಮುಂದೆ ಮಾಡಿದರೆ ಅವರು ಕೆಟ್ಟವರಾಗುತ್ತಾರೆ; "ಹಣದ ತೊಂದರೆ" ಎಂದು ಸುಳ್ಳು ಹೇಳಿದರೆ ಯಾರೋ ಹಣ ಕೊಡಲು ಬಂದು ಸುಳ್ಳು ಬಯಲಾಗುತ್ತದೆ. ನಾನು ಹೇಳಿದ್ದು ಇಷ್ಟು: "ಅತ್ತಿಗೆ, ಅವತ್ತು ನೀವು ಮೊದಲ ಕಲಶದ ನೀರು ಹಾಕಬೇಕು. ನೂರು ಜನ ಬಂದರೆ ನಿಮ್ಮ ತಮ್ಮನ ಜೊತೆ ನಾಲ್ಕು ಮಾತಾಡೋಕೂ ನಿಮಗೆ ಆಗಲ್ಲ. ಹಿಂದಿನ ದಿನವೇ ಬನ್ನಿ, ಇಬ್ಬರೂ ಕೂತು ಮಾತಾಡಿ." ಹಿರಿಯರಿಗೆ ಬೇಕಾದದ್ದು ಊಟದ ಎಲೆಯಲ್ಲ, ತಮ್ಮ ಸ್ಥಾನ. ಅದನ್ನು ಮೊದಲೇ ತೋರಿಸಿಕೊಟ್ಟರೆ ಅರ್ಧ ಮುನಿಸು ಕರಗುತ್ತದೆ.

ಉಳಿದ ನೆಂಟರು, ಅಕ್ಕಪಕ್ಕದವರು ಸೇರಿ ಹತ್ತೊಂಬತ್ತು ಮನೆ ಆದವು. ಶಾಂತಿಯ ಮಾರನೆಯ ದಿನ ಆ ಮನೆಗಳಿಗೆಲ್ಲ ಕಾಲು ಕಿಲೋ ಮೈಸೂರು ಪಾಕ್, ಎಲೆ ಅಡಿಕೆ ಕಳಿಸುವುದೆಂದು ನಿಶ್ಚಯಿಸಿದೆ. ಜೊತೆಗೆ, "ಡಿಸೆಂಬರ್‌ನಲ್ಲಿ ಒಂದು ಸಂಜೆ ನೀವಿಬ್ಬರೂ ಕಾಫಿಗೆ ಬನ್ನಿ" ಎಂದು ಒಂದೊಂದು ಮನೆಗೆ ಒಂದೊಂದು ದಿನ ಹೇಳಿದೆ. ನಮ್ಮ ಯಜಮಾನರು ಇಬ್ಬರು ಬಂದರೆ ಗಂಟೆಗಟ್ಟಲೆ ಹರಟುತ್ತಾರೆ. ಇಪ್ಪತ್ತು ಜನ ಒಟ್ಟಿಗೆ ಬಂದರೆ ಮೂಕರಾಗುತ್ತಾರೆ, ಅಷ್ಟೇ.

ಇನ್ನೊಂದು ಬಾಗಿಲನ್ನು ಮುಚ್ಚಲು ಮರೆಯಬೇಡಿ. ನೀವು ಸರ್‌ಪ್ರೈಸ್ ಮಾಡದಿದ್ದರೂ ಬೇರೆಯವರು ಮಾಡುತ್ತಾರೆ! ನನ್ನ ಅಳಿಯನೇ ಇವರ ಹಳೆಯ ಸ್ನೇಹಿತರನ್ನು ಗುಟ್ಟಾಗಿ ಕರೆಸಲು ಹೊರಟಿದ್ದ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದರೆ ಅದನ್ನು ನೋಡಿ ಜನ ಬಂದೇ ಬರುತ್ತಾರೆ. ಆದ್ದರಿಂದ ವಾರದ ಮುಂಚೆ ಮಕ್ಕಳನ್ನು ಕೂರಿಸಿಕೊಂಡು, "ಅಪ್ಪನಿಗೆ ಗೊತ್ತಿಲ್ಲದ ಯಾವುದೂ ಆ ದಿನ ನಡೆಯಬಾರದು. ಫೋಟೋ ಬುಧವಾರ ಕಳೆದ ಮೇಲೆ ಹಾಕಿ" ಎಂದು ಖಂಡಿತವಾಗಿ ಹೇಳಿದೆ.

ಭಾನುವಾರದ ಅಡಿಗೆ

ಮನೆಯವರು, ಪುರೋಹಿತರು, ನಾವಿಬ್ಬರು ಸೇರಿ ಹನ್ನೆರಡು ಎಲೆ. ನಾನು ಒಲೆಯ ಮುಂದೆ ನಿಂತರೆ ಪೂಜೆಗೆ ಅವರ ಪಕ್ಕ ಕೂರುವವರು ಯಾರು? ಹಾಗಾಗಿ ಅನ್ನ, ಸಾರು, ಹುಳಿ, ಪಲ್ಯಗಳನ್ನು ಪರಿಚಯದ ಅಡಿಗೆಯವರಿಂದ ತರಿಸಿ, ಇವರಿಗೆ ಇಷ್ಟವಾದ ಹೆಸರುಬೇಳೆ ಪಾಯಸ ಮತ್ತು ಕೋಸಂಬರಿಯನ್ನು ಮಾತ್ರ ಮನೆಯಲ್ಲಿ ಮಾಡಿದೆ. ಹನ್ನೆರಡು ಜನಕ್ಕೆ ಪಾಯಸದ ಅಳತೆ ಇದು.

ಒಂದೂವರೆ ಲೋಟ ಹೆಸರುಬೇಳೆ, ಎರಡೂಕಾಲು ಲೋಟ ಬೆಲ್ಲದ ಪುಡಿ, ಒಂದೂವರೆ ತೆಂಗಿನಕಾಯಿ, ಎಂಟು ಏಲಕ್ಕಿ, ನಾಲ್ಕು ಚಮಚ ತುಪ್ಪ, ಒಂದು ಹಿಡಿ ಗೋಡಂಬಿ ದ್ರಾಕ್ಷಿ. ಬೇಳೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, ನಾಲ್ಕೂವರೆ ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ. ಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದರೆ ಅದು ಆಮೇಲೆ ಮೆತ್ತಗಾಗುವುದೇ ಇಲ್ಲ, ನೆನಪಿರಲಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ಐದಾರು ನಿಮಿಷ ಕುದಿಸಿ. ಕಾಯಿ ರುಬ್ಬಿ ಮೊದಲು ಹಿಂಡಿದ ಗಟ್ಟಿ ಹಾಲನ್ನು ಬೇರೆ ಇಡಿ. ಎರಡನೆಯ ಸಲದ ತೆಳು ಹಾಲನ್ನು ಹಾಕಿ ಒಂದು ಕುದಿ ಬರಿಸಿ. ಕೊನೆಗೆ ಉರಿ ಸಣ್ಣ ಮಾಡಿ ಗಟ್ಟಿ ಹಾಲು, ಏಲಕ್ಕಿ ಪುಡಿ ಹಾಕಿ, ಬಿಸಿಯಾದೊಡನೆ ಇಳಿಸಿಬಿಡಿ. ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆದುಹೋಗುತ್ತದೆ. ಉಳಿದ ತುಪ್ಪದಲ್ಲಿ ಗೋಡಂಬಿ ದ್ರಾಕ್ಷಿ ಹುರಿದು ಸೇರಿಸಿ. ಇಟ್ಟಷ್ಟೂ ಗಟ್ಟಿಯಾಗುವುದರಿಂದ ಬಡಿಸುವ ಮುಂಚೆ ಬೇಕಾದರೆ ಸ್ವಲ್ಪ ಬಿಸಿನೀರು ಬೆರೆಸಿ.

ಊಟದ ಹೊತ್ತಿಗೆ ಇವರನ್ನು ನಡುವೆ ಕೂರಿಸಿ ಎಲ್ಲರೂ ನೋಡುವಂತೆ ಮಾಡಲಿಲ್ಲ. ಮಜ್ಜಿಗೆ ಬಡಿಸುವ ಕೆಲಸ ಅವರಿಗೇ ಕೊಟ್ಟೆ. ಕೈಗೆ ಕೆಲಸವಿದ್ದರೆ ಸಂಕೋಚದ ಮನುಷ್ಯರಿಗೆ ಅದೇ ಆಸರೆ. ಒಬ್ಬೊಬ್ಬರ ಬಳಿ ನಿಂತು ಎರಡು ಮಾತಾಡಿ ಮುಂದೆ ಹೋಗಬಹುದು. ಆದರೂ ಒಂದೂಮುಕ್ಕಾಲಿಗೆ ಅವರ ಉತ್ತರಗಳು "ಹೂಂ, ಹೌದು" ಎಂದು ಚಿಕ್ಕದಾಗತೊಡಗಿದವು. ಎರಡು ಸಲ ಗಡಿಯಾರ ನೋಡಿದರು. ದಣಿವಿನ ಗುರುತು ಅದು. "ಹಾಳೆಯಲ್ಲಿ ಎರಡು ಗಂಟೆಗೆ ನಿದ್ದೆ ಅಂತ ಬರ್ದಿದೆ, ಏಳಿ" ಎಂದೆ. ಎಲ್ಲರೂ ನಕ್ಕರು, ಅವರೂ ನಗುತ್ತ ಒಳಗೆ ಹೋದರು. ಯಾರಿಗೂ ತಪ್ಪಾಗಿ ಕಾಣಲಿಲ್ಲ.

ನಾವಿಬ್ಬರೇ ಇದ್ದ ಬುಧವಾರ

ಜಾಗ ಆರಿಸುವಾಗಲೂ ದಿನ ವಾರ ನೋಡಬೇಕು. ಚಾಮುಂಡಿಬೆಟ್ಟದಲ್ಲಿ ಶುಕ್ರವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ನಂಜನಗೂಡಿನಲ್ಲಿ ಕಾರ್ತಿಕ ಸೋಮವಾರ ನೂಕುನುಗ್ಗಲು. ಅರಮನೆಯ ದೀಪಾಲಂಕಾರವೆಂದರೆ ಊರಿಗೆ ಊರೇ ಅಲ್ಲಿರುತ್ತದೆ. ಇವರೇ ಆರಿಸಿದ್ದು ಸೋಮನಾಥಪುರ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್, ಬನ್ನೂರಿನ ದಾರಿಯಾಗಿ ಹೋದೆವು. ಹೊಯ್ಸಳರ ಕಾಲದ, 13ನೇ ಶತಮಾನದ ಕೇಶವ ದೇವಾಲಯ ಅದು. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪೂಜೆ ನಡೆಯುವುದಿಲ್ಲವಾದ್ದರಿಂದ ಸರದಿಯಿಲ್ಲ, ಮಂಗಳಾರತಿಯ ಗಡಿಬಿಡಿಯಿಲ್ಲ. ವಾರದ ನಡುವಿನ ದಿನ ಬೆಳಗ್ಗೆ ಹೋದದ್ದರಿಂದ ನಮ್ಮನ್ನು ಬಿಟ್ಟರೆ ಬೆರಳೆಣಿಕೆಯಷ್ಟು ಜನ. ಸುತ್ತಲಿನ ಕೈಸಾಲೆಯಲ್ಲಿ ಕುಳಿತು, ಕಟ್ಟಿಕೊಂಡು ಹೋಗಿದ್ದ ನೀರು ಕುಡಿದು, ಒಂದು ಗಂಟೆ ಹೆಚ್ಚು ಮಾತಿಲ್ಲದೆ ಇದ್ದೆವು. ಅವರ ಮುಖದಲ್ಲಿ ಆ ಹೊತ್ತು ಇದ್ದ ನೆಮ್ಮದಿಯನ್ನು ಐವತ್ತರ ಫೋಟೋಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಶುಭಾಶಯದ ಫೋನಿಗೂ ಒಂದು ಹೊತ್ತು ಇಟ್ಟಿದ್ದೆವು. "ಸಂಜೆ ಆರರಿಂದ ಏಳರವರೆಗೆ ಮಾಡಿ" ಎಂದು ಮೊದಲೇ ಎಲ್ಲರಿಗೂ ತಿಳಿಸಿದ್ದರಿಂದ ದಿನವಿಡೀ ಗಂಟೆ ಬಾರಿಸಲಿಲ್ಲ.

ಹಾಗಾದರೆ ಗುಟ್ಟೇ ಇರಬಾರದೆ ಎಂದು ಕೇಳಬಹುದು. ಉಡುಗೊರೆ ಗುಟ್ಟಾಗಿರಲಿ, ಕಾರ್ಯಕ್ರಮ ಗುಟ್ಟಾಗಿರಬಾರದು. "ರಾತ್ರಿ ಊಟವಾದ ಮೇಲೆ ಒಂದು ಪೊಟ್ಟಣ ಕೊಡ್ತೀನಿ, ನಾವಿಬ್ಬರೇ ಇರುವಾಗ" ಎಂದು ಬೆಳಗ್ಗೆಯೇ ಹೇಳಿದ್ದೆ. ಅದರಲ್ಲಿ ನಮ್ಮ ಮದುವೆಯಲ್ಲಿ ನನ್ನ ತಂದೆ ಅವರಿಗೆ ಕೊಟ್ಟಿದ್ದ ಕೈಗಡಿಯಾರವಿತ್ತು. ನಿಂತುಹೋಗಿ ಎಷ್ಟೋ ವರ್ಷವಾಗಿತ್ತು. ರಿಪೇರಿ ಮಾಡಿಸಿ, ಹೊಸ ಪಟ್ಟಿ ಹಾಕಿಸಿದ್ದೆ. ಕಿವಿಯ ಹತ್ತಿರ ಹಿಡಿದು ಕೇಳಿದರು, ಕೈಗೆ ಕಟ್ಟಿಕೊಂಡರು. ಹೆಚ್ಚೇನೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಕೆರೆ ಏರಿಯ ಮೇಲೆ ಮಾತ್ರ, "ಮುಂದಿನ ವರ್ಷಾನೂ ಸೋಮನಾಥಪುರಕ್ಕೇ ಹೋಗೋಣ. ಈಗಲೇ ಹೇಳಿಟ್ಟಿರ್ತೀನಿ" ಎಂದರು. ಹುಟ್ಟುಹಬ್ಬದ ಮಾತನ್ನು ಅವರಾಗಿಯೇ ಎತ್ತಿದ್ದು ಅದೇ ಮೊದಲು.